ಎದೆಗೆ ಪ್ರೋಬ್ ಇಟ್ಟಾಗ

ಅಲ್ಟ್ರಾಸೌಂಡಿಗೂ ಗಾಳಿಗೂ ಆಗಿಬರುವುದಿಲ್ಲ. ದೇಹದ ಮೆತ್ತನೆಯ ಭಾಗಗಳಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುವ ಶಬ್ದ ತರಂಗ, ಗಾಳಿ ತುಂಬಿದ ಶ್ವಾಸಕೋಶದ ಅಂಚು ತಲುಪುತ್ತಲೇ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗಿಬಿಡುತ್ತದೆ. ಆದ್ದರಿಂದಲೇ ಬಹುಕಾಲ ಈ ಯಂತ್ರ ಹೊಟ್ಟೆ, ಬಸಿರು, ಹೃದಯಗಳಿಗೆ ಮೀಸಲಾಗಿ, ಶ್ವಾಸಕೋಶ ಎಕ್ಸ್‌ರೇಯ ಪಾಲಿಗೆ ಹೋಗಿತ್ತು. ಫ್ರಾನ್ಸಿನ ತೀವ್ರ ನಿಗಾ ತಜ್ಞ ಡೇನಿಯಲ್ ಲಿಕ್ಟೆನ್‌ಸ್ಟೈನ್ ಮಾತ್ರ, ಹೀಗೆ ಹಿಂದಿರುಗುವ ಪ್ರತಿಧ್ವನಿಯಲ್ಲೇ ರೋಗದ ಗುರುತುಗಳಿವೆ ಎಂದು ಪಟ್ಟು ಹಿಡಿದರು. 2008ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಉಸಿರಾಟದ ತೊಂದರೆಯಿದ್ದ 260 ಜನರಲ್ಲಿ ಸುಮಾರು ಶೇಕಡ 90ರಷ್ಟು ಮಂದಿಯ ಕಾಯಿಲೆಯನ್ನು ಎದೆಯ ಸ್ಕ್ಯಾನ್ ಸರಿಯಾಗಿ ಗುರುತಿಸಿತ್ತು.

ಹೊಸದಾಗಿ ರಾತ್ರಿ ಡ್ಯೂಟಿಗೆ ನಿಂತ ವೈದ್ಯರಿಗೆ ಇದು ಎಲ್ಲಿ ಕೈಹಿಡಿಯುತ್ತದೆ ಎಂಬುದನ್ನು ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ನೋಡೋಣ. ಹೆಸರಘಟ್ಟದ ಕೆರೆಯ ಆಚೆಯ ಹಳ್ಳಿಯೊಂದರಿಂದ ನಡುರಾತ್ರಿ ಅರವತ್ತೈದರ ಅಜ್ಜಿಯನ್ನು ಕರೆತಂದಿದ್ದಾರೆ. ಮಲಗಿದರೆ ದಮ್ಮು ಕಟ್ಟುತ್ತದೆ, ಕುಳಿತೇ ಏದುಸಿರು ಬಿಡುತ್ತಿದ್ದಾರೆ. ಬಿಪಿ 190/110, ಉಸಿರು ನಿಮಿಷಕ್ಕೆ 36, ಆಮ್ಲಜನಕದ ಮಟ್ಟ ಶೇಕಡ 84. "ಬಿಪಿ ಮಾತ್ರೆ ಮುಗಿದು ಹದಿನೈದು ದಿನ ಆಯ್ತು ಡಾಕ್ಟ್ರೇ, ಮೂರು ದಿನದಿಂದ ಕೆಮ್ಮು, ಮೈ ಬೆಚ್ಚಗಿದೆ," ಎನ್ನುತ್ತಾನೆ ಮಗ. ಸ್ಟೆತಾಸ್ಕೋಪ್ ಇಟ್ಟರೆ ಎರಡೂ ಕಡೆ ಗೊರಗೊರ ಸದ್ದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರಾಡುತ್ತಿದೆಯೋ, ನ್ಯುಮೋನಿಯವೋ? ಮೊದಲನೆಯದಕ್ಕೆ ನೀರು ಇಳಿಸಬೇಕು. ಎರಡನೆಯದರಲ್ಲಿ ಸುಮ್ಮನೆ ನೀರು ಇಳಿಸಿದರೆ ಬಿಪಿ ಕುಸಿಯಬಹುದು.

ಯಂತ್ರದ ವಿಷಯ ಮೊದಲೇ ಹೇಳಿಬಿಡುತ್ತೇನೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರ ನೋಂದಣಿ ಆಗಿರಲೇಬೇಕು. ಪೋರ್ಟಬಲ್ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ ಬಳಸಬಹುದೇ ಹೊರತು ಜೇಬಿನಲ್ಲಿಟ್ಟು ಊರೂರು ಸುತ್ತುವಂತಿಲ್ಲ. ನಾನು ನೋಡುವುದು ಬರೀ ಎದೆ ಎಂಬ ಕಾರಣಕ್ಕೆ ಈ ನಿಯಮ ಸಡಿಲವಾಗುವುದಿಲ್ಲ. ಡ್ಯೂಟಿಗೆ ಸೇರಿದ ದಿನವೇ ಯಾವ ಯಂತ್ರವನ್ನು ಯಾರು ಬಳಸಬಹುದು ಎಂದು ಕೇಳಿ ತಿಳಿದುಕೊಳ್ಳಿ.

ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಸಾಕು. ಅದನ್ನು ನೆಟ್ಟಗೆ, ಗುರುತು ರೋಗಿಯ ತಲೆಯ ಕಡೆ ಇರುವಂತೆ ಎರಡು ಪಕ್ಕೆಲುಬುಗಳ ನಡುವೆ ಇಡಿ. ಚಿತ್ರವನ್ನು ನಯಗೊಳಿಸುವ ಫಿಲ್ಟರ್‌ಗಳನ್ನು ಆರಿಸಿ, ಏಕೆಂದರೆ ನಮಗೆ ಬೇಕಾದ ಗೆರೆಗಳನ್ನೇ ಅವು ಅಳಿಸುತ್ತವೆ. ಪರದೆಯ ಮೇಲೆ ಪಕ್ಕೆಲುಬುಗಳ ಎರಡು ಕಪ್ಪು ನೆರಳು, ಅವುಗಳ ನಡುವೆ ತುಸು ಕೆಳಗೆ ಬೆಳ್ಳಗೆ ಹೊಳೆಯುವ ಗೆರೆ ಕಾಣುತ್ತದೆ. ಅದೇ ಪ್ಲೂರಾ. ಆರೋಗ್ಯವಂತರಲ್ಲಿ ಉಸಿರಿನೊಂದಿಗೆ ಅದು ಮಿನುಗುತ್ತ ಜಾರುತ್ತದೆ. ಅದರ ಕೆಳಗೆ, ಚರ್ಮದಿಂದ ಪ್ಲೂರಾಕ್ಕಿರುವಷ್ಟೇ ಅಂತರ ಬಿಟ್ಟು ಮತ್ತೆ ಮತ್ತೆ ಅಡ್ಡಗೆರೆಗಳು ಮೂಡುತ್ತವೆ. ಪ್ಲೂರಾ ಮತ್ತು ಪ್ರೋಬಿನ ನಡುವೆ ಶಬ್ದ ಹಿಂದೆ ಮುಂದೆ ಪುಟಿಯುವುದರಿಂದ ಹುಟ್ಟುವ ಈ ಗೆರೆಗಳಿಗೆ ಎ-ಲೈನ್ ಎಂದು ಹೆಸರು. ಪ್ಲೂರಾದ ಕೆಳಗೆ ಗಾಳಿಯಿದೆ ಎಂಬುದಷ್ಟೇ ಅದರ ಅರ್ಥ.

ಅಜ್ಜಿಯ ಎದೆಯಲ್ಲಿ ಎ-ಲೈನ್ ಇಲ್ಲ. ಪ್ಲೂರಾದಿಂದ ಹೊರಟ ಬೆಳ್ಳನೆಯ ಕೋಲುಗಳು, ಟಾರ್ಚಿನ ಬೆಳಕಿನಂತೆ, ಪರದೆಯ ತಳದವರೆಗೂ ಇಳಿದಿವೆ. ಉಸಿರಾಡಿದಂತೆಲ್ಲ ಪ್ಲೂರಾದ ಜೊತೆಗೇ ಅತ್ತಿತ್ತ ಸರಿಯುತ್ತವೆ. ಇವು ಬಿ-ಲೈನ್. ಶ್ವಾಸಕೋಶದ ತೆಳುಗೋಡೆಗಳು ನೀರಿನಿಂದ ಊದಿ, ಗಾಳಿಯೂ ನೀರೂ ಒತ್ತೊತ್ತಾಗಿ ಸೇರಿದಲ್ಲಿ ಮೂಡುತ್ತವೆ. ಒಂದು ಪಕ್ಕೆಸಂದಿನಲ್ಲಿ ಒಂದೆರಡು ಇದ್ದರೆ ಗಾಬರಿ ಬೇಡ; ಮೂರು ಅಥವಾ ಹೆಚ್ಚಿದ್ದರೆ ಲೆಕ್ಕಕ್ಕೆ ಬರುತ್ತದೆ. ಎದೆಯ ಪ್ರತಿ ಪಾರ್ಶ್ವದಲ್ಲೂ ನಾಲ್ಕು ಜಾಗ ನೋಡಬೇಕು. ಎರಡೂ ಪಾರ್ಶ್ವಗಳಲ್ಲಿ ಕನಿಷ್ಠ ಎರಡೆರಡು ಜಾಗಗಳಲ್ಲಿ ಹೀಗಿದ್ದರೆ ಶ್ವಾಸಕೋಶದುದ್ದಕ್ಕೂ ನೀರು ಹಬ್ಬಿದೆಯೆಂಬ ಅನುಮಾನ ಬಲವಾಗುತ್ತದೆ.

ಎಡವುವುದು ಇಲ್ಲೇ. ಬಿ-ಲೈನ್ ಕಂಡ ಕೂಡಲೇ ಹೃದಯವನ್ನು ದೂರುವುದು ಸುಲಭ. ಆದರೆ ನ್ಯುಮೋನಿಯ, ವೈರಲ್ ಸೋಂಕು, ಶ್ವಾಸಕೋಶ ಗಟ್ಟಿಯಾಗುವ ಹಳೆಯ ಕಾಯಿಲೆ, ಎಲ್ಲದರಲ್ಲೂ ಇವು ಬರುತ್ತವೆ. ಗೆರೆ ಎಣಿಸುವುದಕ್ಕಿಂತ ಅವು ಹೊರಟ ಪ್ಲೂರಾವನ್ನು ನೋಡುವುದು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಹೃದಯದ ತೊಂದರೆಯಲ್ಲಿ ಪ್ಲೂರಾ ತೆಳ್ಳಗೆ, ನುಣುಪಾಗಿ, ಚೆನ್ನಾಗಿ ಜಾರುತ್ತಿರುತ್ತದೆ, ಗೆರೆಗಳು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತವೆ. ಸೋಂಕಿನಲ್ಲಿ ಪ್ಲೂರಾ ಒರಟಾಗಿ, ಅಲ್ಲಲ್ಲಿ ಹರಿದಂತೆ ಕಾಣುತ್ತದೆ, ಜಾರುವುದು ಕಡಿಮೆಯಾಗುತ್ತದೆ, ಒಂದು ಕಡೆ ಗೆರೆಗಳು ದಟ್ಟವಾಗಿದ್ದರೆ ಪಕ್ಕದಲ್ಲೇ ಎ-ಲೈನ್ ಇರುತ್ತದೆ. ಅಜ್ಜಿಯ ಎದೆಯ ಮುಂಭಾಗದಲ್ಲಿ ಪ್ಲೂರಾ ನುಣುಪು, ಎಡಬಲ ಸಮ. ಹೃದಯದ ಕಡೆಗೇ ತಕ್ಕಡಿ ವಾಲಿತು.

ಅಷ್ಟಕ್ಕೇ ಪ್ರೋಬ್ ಒರೆಸಿ ಇಡಬಾರದು. ಅಜ್ಜಿ ಕುಳಿತೇ ಇದ್ದಾರೆ, ಬೆನ್ನು ಸುಲಭವಾಗಿ ಸಿಗುತ್ತದೆ. ಬಲಪಕ್ಕೆಯ ಕೆಳಗೆ, ಹಿಂಬದಿಗೆ ಪ್ರೋಬ್ ತಂದು ಮೊದಲು ಲಿವರ್ ಮತ್ತು ಅದರ ಮೇಲಿನ ವಪೆಯನ್ನು ಗುರುತಿಸಿ. ವಪೆ ಯಾವುದೆಂದು ಗೊತ್ತಾಗದೆ ಕಪ್ಪು ಕಂಡಲ್ಲೆಲ್ಲ ನೀರು ಎಂದರೆ ಹೊಟ್ಟೆಯ ನೀರನ್ನೇ ಎದೆಯದ್ದೆಂದು ಬಗೆದು ಸೂಜಿ ಚುಚ್ಚುವ ಅಪಾಯವಿದೆ. ಇಲ್ಲಿ ವಪೆಯ ಮೇಲೆ ಎರಡು ಬೆರಳು ಅಗಲದ ಕಪ್ಪು ಜಾಗವಿದೆ, ಅದರ ಹಿಂದೆ ಬೆನ್ನುಮೂಳೆ ಸ್ಪಷ್ಟವಾಗಿ ಮುಂದುವರಿದಿದೆ. ಗಾಳಿ ತುಂಬಿದ ಶ್ವಾಸಕೋಶ ಅಡ್ಡವಿದ್ದಿದ್ದರೆ ವಪೆಯ ಮೇಲೆ ಬೆನ್ನುಮೂಳೆ ಕಾಣುತ್ತಿರಲಿಲ್ಲ. ಅಂದರೆ ಎದೆಗೂಡಿನಲ್ಲಿ ನೀರಿದೆ. ಒಳಗೆ ಎಳೆಗಳು, ಗೋಡೆಗಳು ತೇಲುತ್ತಿದ್ದರೆ ಕೀವು ಅಥವಾ ಕ್ಷಯವನ್ನು ಶಂಕಿಸಿ ನೀರು ತೆಗೆದು ಪರೀಕ್ಷಿಸಬೇಕಿತ್ತು. ಇದು ತಿಳಿಯಾಗಿದೆ.

ಆ ನೀರಿನಲ್ಲಿ ಶ್ವಾಸಕೋಶದ ತುದಿ ಲಿವರಿನಂತೆ ಗಟ್ಟಿಯಾಗಿ ಕಾಣುತ್ತಿದೆ. ನೀರಿನ ಒತ್ತಡಕ್ಕೆ ಕುಗ್ಗಿದ ಶ್ವಾಸಕೋಶವೂ ಹೀಗೇ ಇರುತ್ತದೆ. ಗಟ್ಟಿ ಭಾಗದೊಳಗಿನ ಬಿಳಿ ಚುಕ್ಕೆಗಳ ಮೇಲೆ ಕಣ್ಣಿಟ್ಟು ನಾಲ್ಕೈದು ಉಸಿರು ಕಾಯಿರಿ. ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಗಾಳಿ ಅವು. ಉಸಿರು ಎಳೆದಾಗ ಚುಕ್ಕೆಗಳು ಗೆರೆಯಾಗಿ ಮುಂದೆ ಓಡಿದರೆ ನಾಳ ತೆರೆದಿದೆ, ಅಲ್ಲಿರುವುದು ನ್ಯುಮೋನಿಯ ಎಂಬುದಕ್ಕೆ ಬಲವಾದ ಸಾಕ್ಷಿ. ಕದಲದಿದ್ದರೆ ಕುಗ್ಗಿದ ಶ್ವಾಸಕೋಶವೂ ಇರಬಹುದು. ಅಜ್ಜಿಯದ್ದು ಓಡುತ್ತಿದೆ.

ಎರಡೂ ಇವೆ ಎಂದಾಯಿತು: ಬಲಗಡೆ ಬುಡದಲ್ಲಿ ಸೋಂಕು, ಅದರ ಹೊರೆಗೆ ಸೋತ ಹೃದಯ. ಮಾಸ್ಕ್ ಮೂಲಕ ಒತ್ತಡದ ಆಮ್ಲಜನಕ, ನೈಟ್ರೊಗ್ಲಿಸರಿನ್ ಡ್ರಿಪ್, ಲ್ಯಾಸಿಕ್ಸ್. ಜೊತೆಗೆ ಮೊದಲ ಗಂಟೆಯಲ್ಲೇ ಆ್ಯಂಟಿಬಯೋಟಿಕ್. ಕೆಲವು ಗಂಟೆಗಳ ಬಳಿಕ ಮತ್ತೆ ನೋಡಿದರೆ ಮುಂಭಾಗದ ಬಿ-ಲೈನ್‌ಗಳು ತಗ್ಗಿ ಎ-ಲೈನ್ ಮರಳುತ್ತಿರುತ್ತದೆ, ಬಲಬುಡದ ಗಟ್ಟಿ ತೇಪೆ ಹಾಗೇ ಇರುತ್ತದೆ. ಅದು ಕರಗಲು ದಿನಗಳು ಬೇಕು. ಪ್ಲೂರಾ ಮುಟ್ಟದ, ಒಳಗೆ ಅಡಗಿದ ನ್ಯುಮೋನಿಯ ಸ್ಕ್ಯಾನಿಗೆ ಕಾಣುವುದೇ ಇಲ್ಲ, ಆದ್ದರಿಂದ ಸ್ಕ್ಯಾನ್ ಚೆನ್ನಾಗಿದೆ ಎಂದು ಎಕ್ಸ್‌ರೇ ಬಿಡಬೇಡಿ.

ಇನ್ನುಳಿದದ್ದು ನ್ಯುಮೋಥೊರಾಕ್ಸ್, ಅಂದರೆ ಪ್ಲೂರಾದ ಎರಡು ಪದರಗಳ ನಡುವೆ ಗಾಳಿ ನುಗ್ಗುವುದು. ಆಗ ಪ್ಲೂರಾ ಜಾರುವುದಿಲ್ಲ. ಈ ಗುರುತನ್ನು 1986ರಲ್ಲಿ ದಾಖಲಿಸಿದವರು ಕುದುರೆಗಳಿಗೆ ಚಿಕಿತ್ಸೆ ನೀಡುತ್ತಿದ್ದ ಪಶುವೈದ್ಯ ರಾಂಟನೆನ್. ಮಲಗಿದ ರೋಗಿಯಲ್ಲಿ ಗಾಳಿ ಮೇಲೇರುವುದರಿಂದ ಎದೆಯ ಮುಂಭಾಗದಲ್ಲೇ ಹುಡುಕಿ. ಜಾರುತ್ತಿದ್ದರೆ, ಅಥವಾ ಒಂದೇ ಒಂದು ಬಿ-ಲೈನ್ ಕಂಡರೂ, ಆ ಜಾಗದಲ್ಲಿ ನ್ಯುಮೋಥೊರಾಕ್ಸ್ ಇಲ್ಲ. ಜಾರದಿದ್ದರೆ ಅದೇ ಎಂದು ತೀರ್ಮಾನಿಸುವಂತಿಲ್ಲ. ಹಳೆಯ ಕ್ಷಯದಿಂದ ಪದರಗಳು ಅಂಟಿಕೊಂಡವರಲ್ಲೂ, ಉಸಿರಿನ ಕೊಳವೆ ಒಂದೇ ಶ್ವಾಸಕೋಶಕ್ಕೆ ಇಳಿದವರಲ್ಲೂ ಹಾಗಾಗುತ್ತದೆ. ಪ್ರೋಬನ್ನು ನಿಧಾನವಾಗಿ ಪಕ್ಕೆಯತ್ತ ಸರಿಸಿದಾಗ ಜಾರುವುದು ಒಂದು ಉಸಿರಿಗೆ ಕಂಡು ಇನ್ನೊಂದಕ್ಕೆ ಮಾಯವಾಗುವ ತಾಣ ಸಿಕ್ಕರೆ ಅದು ಗಾಳಿಯ ಅಂಚು, ಲಂಗ್ ಪಾಯಿಂಟ್. ಸಿಕ್ಕರೆ ರೋಗ ಖಚಿತ. ಶ್ವಾಸಕೋಶ ಪೂರ್ತಿ ಕುಸಿದಿದ್ದರೆ ಆ ಅಂಚು ಎಲ್ಲೂ ಸಿಗುವುದಿಲ್ಲ. ಬಿಪಿ ಬೀಳುತ್ತ, ಒಂದು ಕಡೆ ಉಸಿರಿನ ಸದ್ದೇ ಇಲ್ಲದ ರೋಗಿಯಲ್ಲಿ ಅದನ್ನು ಹುಡುಕುತ್ತ ಕೂರದೆ ಕೂಡಲೇ ಗಾಳಿ ಹೊರಬಿಡಬೇಕು.