ನಾಲ್ಕು ಸ್ಥಾನಗಳ ಸುತ್ತು, ಒಂದರ ನಾಲ್ಕು ಮೂಲಗಳು

ನಾಲ್ವರು ದುಂಡಗೆ ಕುಳಿತಿರುವರೆಂದು ಭಾವಿಸೋಣ. ಪ್ರತಿಯೊಬ್ಬರ ಮುಂದೆಯೂ ಕೆಲವು ಹುಣಿಸೆಬೀಜಗಳಿವೆ. ಸನ್ನೆಯಾದೊಡನೆ ಪ್ರತಿಯೊಬ್ಬರೂ ತಮ್ಮ ಬೀಜಗಳನ್ನೆಲ್ಲ ಬಲಗಡೆಯವರಿಗೆ ದಾಟಿಸಿ, ಎಡಗಡೆಯಿಂದ ಬಂದುದನ್ನು ಇಟ್ಟುಕೊಳ್ಳುತ್ತಾರೆ. ಬೀಜಗಳು ಮೊದಲು ಕ್ರಮವಾಗಿ a, b, c, d ಆಗಿದ್ದರೆ, ಒಮ್ಮೆ ದಾಟಿಸಿದ ಬಳಿಕ d, a, b, c ಆಗುವುವು. ಈ ಕ್ರಿಯೆಯನ್ನು ಬರೆದಿಡುವ ಮಾತೃಕೆ ಇದು:

```
0 0 0 1
1 0 0 0
0 1 0 0
0 0 1 0
```

ಪ್ರತಿ ಅಡ್ಡಸಾಲಿನಲ್ಲಿಯೂ ಪ್ರತಿ ಕಂಬಸಾಲಿನಲ್ಲಿಯೂ ಒಂದೇ ಒಂದು 1 ಇದೆ, ಉಳಿದುವೆಲ್ಲ ಸೊನ್ನೆ. ಸ್ಥಾನಗಳನ್ನು ಅದಲುಬದಲು ಮಾಡುವ, ಬೇರೇನನ್ನೂ ಮಾಡದ ಇಂತಹ ಮಾತೃಕೆಯನ್ನು ಕ್ರಮಯೋಜನೆಯ ಮಾತೃಕೆ ಎನ್ನುತ್ತೇವೆ. ಇದನ್ನು P ಎಂದು ಕರೆಯೋಣ.

ಈಗ ಒಂದು ಪ್ರಶ್ನೆ. ದಾಟಿಸಿದ ಮೇಲೂ ತನ್ನ ರೂಪವನ್ನು ಬಿಡದೆ, ಕೇವಲ ಒಂದು ಸಂಖ್ಯೆಯಿಂದ ಗುಣಿಸಿದಂತೆ ಮಾತ್ರ ಬದಲಾಗುವ ಹಂಚಿಕೆ ಯಾವುದಾದರೂ ಉಂಟೆ? ಎಲ್ಲವೂ ಸೊನ್ನೆಯಾಗಿರುವ ಹಂಚಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂತಹ ಹಂಚಿಕೆಯನ್ನು P ಯ ಐಗನ್ ಸದಿಶವೆಂದೂ, ಗುಣಿಸುವ ಆ ಸಂಖ್ಯೆಯನ್ನು ಐಗನ್ ಮೌಲ್ಯವೆಂದೂ ಕರೆಯುತ್ತಾರೆ. ‘ಐಗನ್’ ಎಂಬುದು ಜರ್ಮನ್ ಪದ. ‘ತನ್ನದೇ ಆದ’ ಎಂದು ಅದರ ಅರ್ಥ.

ಒಂದು ಹಂಚಿಕೆ ಸುಲಭವಾಗಿ ಹೊಳೆಯುತ್ತದೆ. ಎಲ್ಲರ ಬಳಿಯೂ ಒಂದೊಂದು ಬೀಜವಿದ್ದರೆ ಎಷ್ಟು ದಾಟಿಸಿದರೂ ವ್ಯತ್ಯಾಸವಾಗದು; ಇಲ್ಲಿ ಐಗನ್ ಮೌಲ್ಯ 1. ಋಣಸಂಖ್ಯೆಯನ್ನು ಸಾಲವೆಂದು ತಿಳಿದರೆ ಮತ್ತೊಂದು ದೊರೆಯುತ್ತದೆ. (1, −1, 1, −1) ಎಂಬುದನ್ನು ದಾಟಿಸಿದರೆ (−1, 1, −1, 1) ಬರುತ್ತದೆ. ಬೀಜವಿದ್ದವರು ಸಾಲಗಾರರಾದರು, ಸಾಲಗಾರರಿಗೆ ಬೀಜ ಬಂದಿತು. ಐಗನ್ ಮೌಲ್ಯ −1.

ಇನ್ನುಳಿದುವನ್ನು ಹೀಗೆ ಊಹಿಸುವುದು ಕಷ್ಟ. ಆದರೆ ನಾಲ್ಕು ಸಲ ದಾಟಿಸಿದರೆ ಎಲ್ಲವೂ ಮೊದಲಿದ್ದಂತೆಯೇ ಆಗುವುದಷ್ಟೆ. ಒಂದೊಂದು ಸಲವೂ ಹಂಚಿಕೆ λ ಎಂಬ ಸಂಖ್ಯೆಯಿಂದ ಗುಣಿತವಾಗುತ್ತಿದ್ದರೆ, ನಾಲ್ಕು ಸಲಕ್ಕೆ λ⁴ ನಿಂದ ಗುಣಿತವಾಗಿರಬೇಕು. ಆದ್ದರಿಂದ λ⁴ = 1. ಈ ಸಮೀಕರಣಕ್ಕೆ 1, −1, i, −i ಎಂಬ ನಾಲ್ಕು ಮೂಲಗಳು; i ಎಂದರೆ ವರ್ಗಮಾಡಿದಾಗ −1 ಆಗುವ ಸಂಖ್ಯೆ.

ವಿದ್ಯಾರ್ಥಿಗಳು ಇಲ್ಲಿಗೇ ಲೆಕ್ಕ ಮುಗಿಯಿತೆಂದು ಪುಸ್ತಕ ಮುಚ್ಚುವುದುಂಟು. ಅದು ಸಲ್ಲದು. ಐಗನ್ ಮೌಲ್ಯಗಳು ಈ ನಾಲ್ಕರ ಹೊರಗಿರಲಾರವು ಎಂದಷ್ಟೇ ನಾವು ತೋರಿಸಿದ್ದೇವೆ. ನಾಲ್ಕೂ ಇವೆಯೆಂದು ತೋರಿಸಿಲ್ಲ. ಯಾರೂ ಏನನ್ನೂ ದಾಟಿಸದೆ ಸುಮ್ಮನೆ ಕುಳಿತಿದ್ದರೂ ನಾಲ್ಕು ಸನ್ನೆಗಳ ಬಳಿಕ ಹಂಚಿಕೆ ಮೊದಲಿನಂತೆಯೇ ಇರುತ್ತದೆ. ಅಲ್ಲಿ i ಎಲ್ಲಿಂದ ಬರಬೇಕು?

ಆದುದರಿಂದ ಸದಿಶವನ್ನೇ ಹುಡುಕೋಣ. ದಾಟಿಸಿದ ಹಂಚಿಕೆಯು ಮೊದಲಿನದರ λ ಪಟ್ಟು ಆಗಬೇಕಾದರೆ d = λa, a = λb, b = λc, c = λd ಆಗಬೇಕು. d = 1 ಎಂದಿಟ್ಟುಕೊಂಡು ಹಿಂದಿನಿಂದ ಬಂದರೆ c = λ, b = λ², a = λ³. ಉಳಿದ d = λa ಎಂಬ ನಿಬಂಧನೆ 1 = λ⁴ ಎಂದಾಗುತ್ತದೆ. ನಾಲ್ಕು ಮೂಲಗಳಲ್ಲಿ ಯಾವುದನ್ನು ಹಾಕಿದರೂ ಇದು ಸರಿಹೋಗುವುದರಿಂದ ನಾಲ್ಕೂ P ಯ ಐಗನ್ ಮೌಲ್ಯಗಳೇ. i ಗೆ ದೊರೆಯುವ ಸದಿಶ (−i, −1, i, 1). ಇದನ್ನು ದಾಟಿಸಿದರೆ (1, −i, −1, i). ಮೊದಲಿನದರ ಪ್ರತಿ ಅಂಶವನ್ನೂ i ಯಿಂದ ಗುಣಿಸಿದರೆ ಬರುವುದೂ ಅದೇ.

ಆದರೆ i ಬೀಜಗಳನ್ನು ಎಣಿಸುವುದು ಹೇಗೆ? ಎಣಿಸಬೇಕಾದುದಿಲ್ಲ. (1, 0, −1, 0) ಎಂಬ ವಾಸ್ತವ ಹಂಚಿಕೆಯನ್ನು ತೆಗೆದುಕೊಳ್ಳಿ. ಒಮ್ಮೆ ದಾಟಿಸಿದರೆ ಅದು (0, 1, 0, −1) ಆಗುತ್ತದೆ. ಮೊದಲಿನದರ ಯಾವ ಪಟ್ಟೂ ಅಲ್ಲ. ಇನ್ನೊಮ್ಮೆ ದಾಟಿಸಿದರೆ (−1, 0, 1, 0), ಅಂದರೆ ಮೊದಲಿನದರ −1 ಪಟ್ಟು. ಎರಡು ಹೆಜ್ಜೆ ಕೂಡಿ −1 ಆಗುವುದಾದರೆ ಒಂದು ಹೆಜ್ಜೆ −1 ರ ವರ್ಗಮೂಲದಂತೆ ವರ್ತಿಸಿತೆಂದೇ ಅರ್ಥ. ಕಾಗದದ ಮೇಲೆ ಇದು ಕಾಲು ಸುತ್ತಿನ ತಿರುಗುವಿಕೆ. ಬಲಕ್ಕೆ ದಾಟಿಸುವಾಗ i ಹೇಗೋ, ಎಡಕ್ಕೆ ದಾಟಿಸುವಾಗ −i ಹಾಗೆ. ಆದ್ದರಿಂದಲೇ ಅವೆರಡೂ ಜೊತೆಯಾಗಿ ಬರುತ್ತವೆ.

ಇದರ ಉಪಯೋಗವನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಮೊದಲನೆಯವರ ಬಳಿ ಮಾತ್ರ 4 ಬೀಜಗಳಿರಲಿ:

```
(4,0,0,0) = (1,1,1,1) + (1,−1,1,−1) + 2(1,0,−1,0)
```

ದಾಟಿಸಿದಾಗ ಮೊದಲ ತುಂಡು ಹಾಗೆಯೇ ಉಳಿಯುತ್ತದೆ, ಎರಡನೆಯದರ ಚಿಹ್ನೆ ಬದಲಾಗುತ್ತದೆ, ಮೂರನೆಯದು ಕಾಲು ಸುತ್ತು ತಿರುಗಿ 2(0, 1, 0, −1) ಆಗುತ್ತದೆ. ಮೂರನ್ನೂ ಕೂಡಿಸಿದರೆ (0, 4, 0, 0). ನಾಲ್ಕೂ ಬೀಜಗಳು ಪಕ್ಕದವರಿಗೆ ಸೇರಿವೆ. ಒಂದೇ ತೂಕದ ನಾಲ್ಕು ಮಣಿಗಳನ್ನು ಒಂದೇ ಬಗೆಯ ಸ್ಪ್ರಿಂಗುಗಳಿಂದ ಬಳೆಯಾಕಾರದಲ್ಲಿ ಜೋಡಿಸಿದರೆ, ಅವುಗಳ ಕಂಪನಗಳನ್ನು ಬಿಡಿಸಲು ಭೌತವಿಜ್ಞಾನಿ ಬಳಸುವುದೂ ಈ ತುಂಡುಗಳನ್ನೇ.

ಉತ್ತರವನ್ನು ಪರೀಕ್ಷಿಸಲು ಒಂದು ಸುಲಭೋಪಾಯವುಂಟು. ಮಾತೃಕೆಯ ಮುಖ್ಯ ಕರ್ಣದ ಮೇಲಿನ ಸಂಖ್ಯೆಗಳ ಮೊತ್ತವೂ ಐಗನ್ ಮೌಲ್ಯಗಳ ಮೊತ್ತವೂ ಸದಾ ಸಮ. ಕ್ರಮಯೋಜನೆಯಲ್ಲಿ ಕರ್ಣದ ಮೊತ್ತವು ಸ್ಥಳ ಬಿಡದವರ ಸಂಖ್ಯೆ. ನಮ್ಮ P ಯಲ್ಲಿ ಯಾರ ಬೀಜವೂ ಅಲ್ಲಿಯೇ ಉಳಿಯದು. 1 − 1 + i − i ಕೂಡ ಸೊನ್ನೆಯೇ. ಮೂವರು ತಮ್ಮೊಳಗೇ ದಾಟಿಸಿಕೊಳ್ಳುತ್ತ ನಾಲ್ಕನೆಯವರು ಸುಮ್ಮನಿದ್ದರೆ, ಆ ಮೂವರಿಂದ ಒಂದರ ಮೂರು ಘನಮೂಲಗಳೂ ನಾಲ್ಕನೆಯವರಿಂದ ಇನ್ನೊಂದು 1 ಕೂಡ ದೊರೆಯುತ್ತವೆ. ಮೂರು ಘನಮೂಲಗಳ ಮೊತ್ತ ಸೊನ್ನೆ. ಹೀಗಾಗಿ ಒಟ್ಟು ಮೊತ್ತ 1. ಅಲ್ಲಿ ಕದಲದೆ ಕುಳಿತವರೂ ಒಬ್ಬರೇ.