‘ಇನ್ನೂ ಚಿಕ್ಕದು ಮಾಡು’ ಎಂದಾಗ ಮಾತಿನ ಖಾರ ಎಲ್ಲಿ ಹೋಗುತ್ತದೆ?

ನನ್ನ ಅತ್ತಿಗೆ ಶಾಲೆಯ ಸ್ಮರಣ ಸಂಚಿಕೆಗೆಂದು ಬಿಸಿಯೂಟದ ಅಡುಗೆಯಮ್ಮನ ಬಗ್ಗೆ ಒಂದು ಪುಟ ಬರೆದಿದ್ದರು. ಅದರ ಜೀವಾಳ ಈ ಮೂರು ವಾಕ್ಯ:

‘ಅಡುಗೆಯಮ್ಮ ಬೈದರೆ ಅವತ್ತು ಊಟ ರುಚಿ ಅಂತಲೇ ಅರ್ಥ. ಮೂರನೇ ಸಲ ತಟ್ಟೆ ಹಿಡಿದು ಬಂದವನಿಗೆ “ಹೊಟ್ಟೆಯೋ ಹಗೇವೋ ನಿಂದು?” ಅಂತ ಗದರಿಸುತ್ತಲೇ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದರು. ಜ್ವರ ಬಂದ ಹುಡುಗಿಯನ್ನು ಮನೆ ಮುಟ್ಟಿಸಿ ಬಂದವರೂ ಅವರೇ, ಆ ದಿನ ಅನ್ನ ಸೀದು ಹೋಗಿದ್ದೂ ನಿಜವೇ.’

ಸಂಚಿಕೆಯಲ್ಲಿ ಅಷ್ಟು ಜಾಗ ಇರಲಿಲ್ಲ. ಅತ್ತಿಗೆ ಅದನ್ನು ಒಂದು ಚಾಟ್‌ಬಾಟ್‌ಗೆ ಕೊಟ್ಟು ‘ಚಿಕ್ಕದು ಮಾಡು’ ಎಂದರು. ಬಂದದ್ದು: ‘ಅಡುಗೆಯಮ್ಮ ಗದರಿಸುತ್ತಲೇ ಮಕ್ಕಳಿಗೆ ಪ್ರೀತಿಯಿಂದ ಬಡಿಸುತ್ತಿದ್ದರು. ಕಾಯಿಲೆ ಬಿದ್ದ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದರು.’ ‘ಇನ್ನೂ ಚಿಕ್ಕದು’ ಎಂದದ್ದಕ್ಕೆ: ‘ಅಡುಗೆಯಮ್ಮ ಮಕ್ಕಳಿಗೆ ಪ್ರೀತಿಯಿಂದ ಬಡಿಸಿ, ಅವರ ಕಾಳಜಿ ವಹಿಸುತ್ತಿದ್ದರು.’ ಮತ್ತೊಮ್ಮೆ ಕೇಳಿದಾಗ: ‘ಅಡುಗೆಯಮ್ಮನವರ ನಿಸ್ವಾರ್ಥ ಸೇವೆ ಸ್ಮರಣೀಯ.’

ಆ ಕೊನೆಯ ಸಾಲನ್ನು ಯಾವ ಊರಿನ ಯಾವ ಅಡುಗೆಯಮ್ಮನಿಗಾದರೂ ಅಂಟಿಸಬಹುದು. ಹಾಗೆಂದು ಎಲ್ಲ ಕೆಟ್ಟದ್ದು ಮೂರನೇ ಸಲಕ್ಕೇ ಅಲ್ಲ. ಮೊದಲ ಸುತ್ತನ್ನು ಮತ್ತೆ ನೋಡಿ. ‘ಪ್ರೀತಿಯಿಂದ’ ಎಂಬ ಪದ ಅತ್ತಿಗೆಯ ಬರಹದಲ್ಲಿ ಇರಲೇ ಇಲ್ಲ. ಬೈಗುಳದ ಜೊತೆಗೇ ಬಂದು ಬೀಳುವ ಸೌಟು ಸಾರಿನಲ್ಲಿ ಆ ಪ್ರೀತಿ ತಾನಾಗಿ ಕಾಣುತ್ತಿತ್ತು. ಯಂತ್ರ ಆ ದೃಶ್ಯವನ್ನು ತೆಗೆದು, ಅದರ ಅರ್ಥವನ್ನು ಒಂದು ಪದದಲ್ಲಿ ಬರೆದಿಟ್ಟಿತು. ಎರಡನೇ ಸುತ್ತಿಗೆ ಸಿಕ್ಕಿದ್ದು ಆ ಅರ್ಥ ಮಾತ್ರ. ಮೂರನೆಯದಕ್ಕೆ ಅರ್ಥದ ಅರ್ಥ. ‘ನಿಸ್ವಾರ್ಥ’ ಅಂತೂ ಯಾರೂ ಹೇಳದೆ ಬಂದು ಕೂತ ಪದ.

ಹೀಗಾಗುವುದಕ್ಕೆ ಕಾರಣ ಈ ಯಂತ್ರ ಬರೆಯುವ ಬಗೆಯಲ್ಲಿದೆ. ಚಾಟ್‌ಬಾಟ್‌ನ ಒಳಗಿರುವುದು ಭಾಷಾ ಮಾದರಿ. ಅದುವರೆಗಿನ ಪಠ್ಯವನ್ನು ನೋಡಿ, ಮುಂದೆ ಯಾವ ತುಣುಕು ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ, ಒಂದೊಂದೇ ತುಣುಕನ್ನು ಪೋಣಿಸುತ್ತಾ ಹೋಗುವುದು ಅದರ ಕೆಲಸ. ಈ ತುಣುಕುಗಳಿಗೆ ಟೋಕನ್ ಎನ್ನುತ್ತಾರೆ. ‘ಹೊಟ್ಟೆಯೋ’ ಆದಮೇಲೆ ‘ಹಗೇವೋ’ ಬರುವ ಸಂಭವ ತೀರಾ ಕಡಿಮೆ. ಧಾನ್ಯ ತುಂಬಿಡುವ ನೆಲದ ಗುಳಿಯನ್ನು ಈಗ ಎಷ್ಟು ಜನ ನೋಡಿದ್ದಾರೆ? ‘ಕಾಳಜಿ’ಯ ಪಕ್ಕ ‘ವಹಿಸುತ್ತಿದ್ದರು’ ಬರುವುದು ಮಾತ್ರ ಹೆಚ್ಚುಕಮ್ಮಿ ಖಚಿತ. ಮೂಲದಿಂದ ನೇರವಾಗಿ ನಕಲು ಮಾಡುವಾಗ ಅಪರೂಪದ ಪದ ಉಳಿಯುತ್ತದೆ, ತನ್ನ ಮಾತಿನಲ್ಲಿ ಮತ್ತೆ ಬರೆಯುವಾಗ ಸವೆದ ಪದವೇ ಗೆಲ್ಲುತ್ತದೆ. ಇದರ ಜೊತೆಗೆ, ಮಾದರಿ ಕಲಿತ ಪಠ್ಯಗಳಲ್ಲಿ ‘ಸಾರಾಂಶ’ ಎಂದರೆ ಬಹುಪಾಲು ವರದಿಯ ಭಾಷೆ. ಚಿಕ್ಕದು ಎಂದೊಡನೆ ಅದು ಉದ್ದವನ್ನಷ್ಟೇ ಇಳಿಸುವುದಿಲ್ಲ, ವರದಿಗಾರನ ದನಿಯನ್ನೂ ಹಾಕಿಕೊಳ್ಳುತ್ತದೆ.

ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ ಎಂದು ಇದನ್ನು ವಿವರಿಸುವವರಿದ್ದಾರೆ. ಆ ಹೋಲಿಕೆ ಅರ್ಧ ಮಾತ್ರ ಸರಿ. ಜೆರಾಕ್ಸ್ ಇಡೀ ಹಾಳೆಯನ್ನು ಮಸುಕು ಮಾಡುತ್ತದೆ. ಇಲ್ಲಿ ಪ್ರತಿ ಸುತ್ತಿನಲ್ಲೂ ಕತ್ತರಿ ಬೀಳುವುದು ಒಂದೇ ಬಗೆಯ ಸಂಗತಿಗೆ: ಆಡುಮಾತು, ಬೈಗುಳ, ‘ಅವರೇ’, ‘ನಿಜವೇ’ಗಳಲ್ಲಿನ ಒತ್ತು, ಮುಜುಗರದ ವಿವರ. ಸುದ್ದಿಯ ಲೆಕ್ಕದಲ್ಲಿ ಇವೆಲ್ಲ ಹೆಚ್ಚುವರಿ. ದನಿ ವಾಸವಾಗಿರುವುದು ಈ ಹೆಚ್ಚುವರಿಯಲ್ಲೇ. ಒಂದು ಸುತ್ತಿನಲ್ಲಿ ಇಂಥ ಐದು ಸಂಗತಿಗಳಲ್ಲಿ ನಾಲ್ಕು ಉಳಿಯುತ್ತವೆ ಎಂದೇ ಇಟ್ಟುಕೊಳ್ಳಿ. ಐದು ಸುತ್ತು ಮುಗಿಯುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಉಳಿದಿರುತ್ತದೆ.

ಇದಕ್ಕಿಂತ ಹತ್ತಿರದ ಹೋಲಿಕೆ ಮನುಷ್ಯರಲ್ಲೇ ಇದೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರ ತನ್ನ ಪುಸ್ತಕದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾನೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಒಬ್ಬ ಓದಿ ನೆನಪಿನಿಂದ ಬರೆಯಬೇಕು, ಅವನು ಬರೆದದ್ದನ್ನು ಇನ್ನೊಬ್ಬ ಓದಿ ಬರೆಯಬೇಕು, ಹೀಗೇ ಸರಪಳಿ. ಕೈಯಿಂದ ಕೈಗೆ ಕಥೆ ಮೊಟಕಾಯಿತು. ವಿಚಿತ್ರ ಎನಿಸಿದ ಭಾಗಗಳು ಉದುರಿದವು. ಸೀಲ್ ಬೇಟೆ ಹೋಗಿ ಮೀನು ಹಿಡಿಯುವುದು ಬಂತು. ಓದುಗರಿಗೆ ಮೊದಲೇ ರೂಢಿಯಾಗಿದ್ದ ಕಥೆಗಳ ಅಚ್ಚಿಗೆ ಅದು ಸರಿಯುತ್ತಾ ಹೋಯಿತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಬಾರ್ಟ್ಲೆಟ್‌ನ ಸರಪಳಿಯಲ್ಲಿ ಕೊನೆಯವನಿಗೆ ಮೂಲ ಕಥೆ ಕಾಣುತ್ತಿರಲಿಲ್ಲ. ಚಾಟ್‌ಬಾಟ್‌ಗೆ ಮೇಲಿನ ಸಂಭಾಷಣೆಯೆಲ್ಲ ಕಾಣುತ್ತದಲ್ಲ, ಮೂಲವೂ ಅಲ್ಲೇ ಇದೆಯಲ್ಲ? ನಿಜ. ಆದರೆ ‘ಇನ್ನೂ ಚಿಕ್ಕದು’ ಎನ್ನುವಾಗ ಬೆರಳು ತೋರುವುದು ಕೊನೆಯ ರೂಪದ ಕಡೆಗೆ. ಅಲ್ಲದೆ, ಮೂರನೇ ಸಲಕ್ಕೆ ಅದರ ಕಣ್ಣೆದುರು ಅತ್ತಿಗೆಯ ದನಿಯ ಪಠ್ಯ ಒಂದೇ, ವರದಿ ದನಿಯವು ಎರಡು. ಎದುರಿಗಿರುವ ಮಾದರಿಯನ್ನೇ ಮುಂದುವರಿಸುವುದು ಅದರ ಸ್ವಭಾವ.

ಹಾಗಾಗಿ ಮೊದಲ ಉಪಾಯ, ಮೆಟ್ಟಿಲು ಇಳಿಯದೆ ಪ್ರತಿ ಸಲವೂ ಮೂಲದಿಂದಲೇ ಹೊರಡುವುದು. ಹೊಸ ಸಂಭಾಷಣೆ ತೆರೆದು ಮೂಲವನ್ನೇ ಅಂಟಿಸಬೇಕು, ಬೇಕಾದ ಅಳತೆಯನ್ನು ಒಂದೇ ಏಟಿಗೆ ಹೇಳಬೇಕು. ಹಲವು ಚಾಟ್‌ಬಾಟ್‌ಗಳಲ್ಲಿ ಕಳಿಸಿದ ಮೊದಲ ಸಂದೇಶವನ್ನೇ ತಿದ್ದಿ ಮತ್ತೆ ಕಳಿಸಬಹುದು. ಆಗ ನಡುವಿನ ಸಪ್ಪೆ ರೂಪಗಳು ಅದರ ಕಣ್ಣಿಂದ ಮರೆಯಾಗುತ್ತವೆ. ಅಳತೆಯನ್ನು ಪದಗಳಲ್ಲಿ ಹೇಳುವುದಕ್ಕಿಂತ ವಾಕ್ಯಗಳಲ್ಲಿ ಹೇಳುವುದು ಒಳ್ಳೆಯದು. ಕನ್ನಡದ ಒಂದು ಪದ ಹಲವು ಟೋಕನ್‌ಗಳಾಗಿ ಒಡೆಯುವುದರಿಂದ ಯಂತ್ರಕ್ಕೆ ಪದಗಳ ಎಣಿಕೆ ತಪ್ಪುತ್ತಿರುತ್ತದೆ.

ಎರಡನೆಯದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ‘ಚಿಕ್ಕದು ಮಾಡು’ ಎಂಬ ಮಾತಿನಲ್ಲಿ ಏನನ್ನು ಉಳಿಸಬೇಕು ಎಂಬ ಸುಳಿವೇ ಇಲ್ಲ, ಆ ಆಯ್ಕೆಯನ್ನು ನಾವು ಯಂತ್ರಕ್ಕೆ ಬಿಟ್ಟಿರುತ್ತೇವೆ. ‘ದನಿ ಉಳಿಸು’ ಎಂದರೂ ಸಾಲದು, ಅದಕ್ಕೆ ಸಿಗುವುದು ದನಿಯ ಬಗ್ಗೆ ಒಂದು ಊಹೆ ಅಷ್ಟೆ. ಅತ್ತಿಗೆ ಮತ್ತೆ ಕೂತಾಗ ಬರೆದದ್ದು ಹೀಗಿತ್ತು: ‘ಎರಡು ವಾಕ್ಯ ಸಾಕು. ಬೇಡದ್ದನ್ನು ಕತ್ತರಿಸು, ಉಳಿದದ್ದನ್ನು ತಿದ್ದಬೇಡ. ಮೂಲದಲ್ಲಿಲ್ಲದ ಗುಣವಾಚಕ ಸೇರಿಸಬೇಡ. ಬೈಗುಳದ ಮಾತು ಅಕ್ಷರ ಬದಲಾಗದೆ ಇರಲಿ.’ ಬಂದದ್ದು:

‘ಅಡುಗೆಯಮ್ಮ ಬೈದರೆ ಅವತ್ತು ಊಟ ರುಚಿ ಅಂತಲೇ ಅರ್ಥ. “ಹೊಟ್ಟೆಯೋ ಹಗೇವೋ ನಿಂದು?” ಅಂತ ಗದರಿಸುತ್ತಲೇ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದರು.’

ಕತ್ತರಿಸುವುದು ಬೇರೆ, ಮತ್ತೆ ಬರೆಯುವುದು ಬೇರೆ. ಕತ್ತರಿಸು ಎಂದಾಗ ಅದು ಮೂಲದ ಪದಗಳನ್ನು ನಕಲು ಮಾಡಲೇಬೇಕಾಗುತ್ತದೆ, ಸವೆದ ಪದಕ್ಕೆ ನುಸುಳಲು ಸಂದಿ ಸಿಗುವುದಿಲ್ಲ. ಹೀಗೆ ಹೇಳಿದರೂ ಒಮ್ಮೊಮ್ಮೆ ಮಾತು ಮೀರುತ್ತದೆ, ಆದ್ದರಿಂದ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಬಂದ ಪಠ್ಯದಲ್ಲಿ ಮೂಲದಲ್ಲಿಲ್ಲದ ಪದಗಳಿಗೆ ಗೆರೆ ಎಳೆಯಬೇಕು. ‘ನಿಸ್ವಾರ್ಥ’, ‘ಅಪಾರ’, ‘ಕಾಳಜಿ’ಯಂಥವು ಸಿಕ್ಕರೆ ಯಂತ್ರ ಮತ್ತೆ ಬರೆಯಲು ತೊಡಗಿದೆ ಎಂದೇ ತಿಳಿಯಬೇಕು.

ಸಪ್ಪೆಯಾದ ಮೇಲೆ ಖಾರ ಮತ್ತೆ ಹಾಕಿಸಬಹುದೇ? ಅತ್ತಿಗೆ ಅದನ್ನೂ ನೋಡಿದ್ದರು. ಹೊಸ ಸಂಭಾಷಣೆಯಲ್ಲಿ ‘ನಿಸ್ವಾರ್ಥ ಸೇವೆ’ಯ ಸಾಲನ್ನಷ್ಟೇ ಕೊಟ್ಟು ‘ಜೀವ ತುಂಬು’ ಎಂದದ್ದಕ್ಕೆ, ‘ಸದಾ ನಗುಮೊಗದ ತಾಯಿ’ ಎಂದು ಬಂತು. ಆ ಅಡುಗೆಯಮ್ಮ ನಕ್ಕದ್ದನ್ನು ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

ಸಂಚಿಕೆಗೆ ಹೋದದ್ದು ಆ ಎರಡು ವಾಕ್ಯದ ರೂಪ. ಕೊನೆಯಲ್ಲಿ ಒಂದು ಸಾಲಿನ ಜಾಗ ಮಿಕ್ಕಿತ್ತು. ಅನ್ನ ಸೀದದ್ದನ್ನು ಅತ್ತಿಗೆ ಅಲ್ಲಿ ತಾವೇ ಪೆನ್ನಿನಲ್ಲಿ ಬರೆದು ಕೊಟ್ಟರು.