ಇನ್ನೂರು ಲೈಕ್ ಎಂದರೆ ಎಷ್ಟು?

ಒಂದು ಪೋಸ್ಟಿಗೆ 200 ಲೈಕ್ ಬಂದಿವೆಯೆಂದು ಯಾರಾದರೂ ಹೇಳಿದರೆ, ಅದು ಹೆಚ್ಚೋ ಕಡಮೆಯೋ ಎಂಬುದನ್ನು ನಿರ್ಣಯಿಸುವುದು ಹೇಗೆ? ಕಾಲೇಜಿನ ವಿದ್ಯಾರ್ಥಿಯೊಬ್ಬನು ತನ್ನ ಪ್ರವಾಸದ ಚಿತ್ರಕ್ಕೆ ಅಷ್ಟನ್ನು ಪಡೆದರೆ ಅದು ಸಂಭ್ರಮಪಡತಕ್ಕ ಸಂಗತಿ. ಕೋಟಿ ಜನ ಹಿಂಬಾಲಿಸುವ ಚಿತ್ರನಟನ ಪುಟದಲ್ಲಿ ಅಷ್ಟೇ ಬಂದರೆ ಎಲ್ಲಿಯೋ ಏನೋ ಕೆಟ್ಟಿದೆಯೆಂದೇ ತಿಳಿಯಬೇಕು. ಬರಿಯ ಎಣಿಕೆಯು ಅಳತೆಯಾಗಲಾರದು. ಯಾವುದರಲ್ಲಿ ಎಷ್ಟು ಎಂದು ಹೇಳಿದಾಗಲೇ ಅದಕ್ಕೆ ಅರ್ಥ ಬರುವುದು. ಈ ಸಾಮಾನ್ಯವಾದ ಮಾತನ್ನೇ ಹೊಟ್ಟೆಪಾಡಿನ ಲೆಕ್ಕವನ್ನಾಗಿ ಮಾಡಿಕೊಂಡಿರುವ ಒಂದು ಹೊಸ ವೃತ್ತಿ ಈಗ ನಮ್ಮ ನಡುವೆ ಬೆಳೆದಿದೆ. ವ್ಯಾಪಾರಸಂಸ್ಥೆಗಳ ಪರವಾಗಿ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೊದಲಾದೆಡೆಗಳಲ್ಲಿ ಪುಟಗಳನ್ನು ನಡೆಸುವವರಿಗೆ ಸೋಷಿಯಲ್ ಮೀಡಿಯಾ ಮ್ಯಾನೇಜರ್ ಎಂದು ಹೆಸರು. ತಿಂಗಳ ಕೊನೆಗೆ ಇವರು ಯಜಮಾನನ ಮುಂದೆ ಒಂದು ವರದಿಯನ್ನು ಇಡಬೇಕು. ಅದರಲ್ಲಿರುವ ಒಂದೆರಡು ಅಂಕಿಗಳ ಮೇಲೆ ಮುಂದಿನ ತಿಂಗಳ ಕೆಲಸ ಉಳಿಯುವುದೂ ಹೋಗುವುದೂ ನಿಂತಿರುತ್ತದೆ.

ಕಾಫಿಪುಡಿ ಮಾರುವ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಆರಿಸಿಕೊಂಡಿದ್ದೇನೆ. ಅಂಗಡಿಯ ಇನ್‌ಸ್ಟಾಗ್ರಾಮ್ ಪುಟಕ್ಕೆ 5,000 ಮಂದಿ ಹಿಂಬಾಲಕರು, ಎಂದರೆ ಫಾಲೋಯರ್‌ಗಳು, ಇದ್ದಾರೆ. ಪುಟವನ್ನು ನೋಡಿಕೊಳ್ಳುವ ತರುಣಿಯು ಪ್ರತಿ ತಿಂಗಳಿಗೂ ಒಂದು ಕಂಟೆಂಟ್ ಕ್ಯಾಲೆಂಡರನ್ನು ಸಿದ್ಧಪಡಿಸುತ್ತಾಳೆ. ನೋಡಲು ಅದು ಸಾಮಾನ್ಯವಾದ ಒಂದು ಕೋಷ್ಟಕ: ದಿನಾಂಕ, ವೇಳೆ, ಪೋಸ್ಟಿನ ಬಗೆ, ಜೊತೆಗಿಡುವ ಬರಹ, ಚಿತ್ರ ತೆಗೆಯುವವರು ಯಾರು, ಯಜಮಾನರು ಒಪ್ಪಿದರೆ ಇಲ್ಲವೆ, ಇಷ್ಟೇ. ಮೊದಲು ಹಬ್ಬಹರಿದಿನಗಳನ್ನು ಗುರುತುಮಾಡಿ, ಉಳಿದ ಮನೆಗಳನ್ನು ಆಮೇಲೆ ತುಂಬುವುದು ರೂಢಿ. ನಮ್ಮ ಅಂಗಡಿಯ ಪಂಚಾಂಗದಲ್ಲಿ ಸೋಮವಾರ ಡಿಕಾಕ್ಷನ್ ಇಳಿಸುವ ಬಗೆಯನ್ನು ತೋರಿಸುವ ರೀಲ್, ಬುಧವಾರ ಪುಡಿಯ ಪೊಟ್ಟಣದ ಚಿತ್ರ, ಶನಿವಾರ ಓದುಗರಿಗೊಂದು ಪ್ರಶ್ನೆ. ತಿಂಗಳಿಗೆ ಸುಮಾರು ಹನ್ನೆರಡು ಪೋಸ್ಟುಗಳು. ಇವನ್ನು ಮುಂಚಿತವಾಗಿಯೇ ಸಿದ್ಧಪಡಿಸಿ, ಮೆಟಾ ಬಿಸಿನೆಸ್ ಸೂಟ್‌ನಂಥ ಸಾಧನದಲ್ಲಿ ವೇಳೆಯನ್ನು ನಮೂದಿಸಿಟ್ಟರೆ, ಆ ಹೊತ್ತಿಗೆ ಸರಿಯಾಗಿ ಅವು ತಾವಾಗಿಯೇ ಪ್ರಕಟವಾಗುತ್ತವೆ.

ಒಂದೊಂದು ಪೋಸ್ಟಿಗೂ ಸರಾಸರಿಯಲ್ಲಿ 150 ಲೈಕ್, 15 ಕಾಮೆಂಟ್, 10 ಶೇರ್, 25 ಸೇವ್, ಒಟ್ಟು 200 ಸ್ಪಂದನಗಳು ಬರುತ್ತವೆ ಎನ್ನೋಣ. ಇದನ್ನು ಹಿಂಬಾಲಕರ ಸಂಖ್ಯೆಯಿಂದ ಭಾಗಿಸಿದರೆ 200ಕ್ಕೆ 5,000, ಅಂದರೆ ಶೇಕಡ 4. ಇದಕ್ಕೆ ಎಂಗೇಜ್‌ಮೆಂಟ್ ರೇಟ್ ಎಂದು ಹೆಸರು. ನಾವು ಸ್ಪಂದನ ದರವೆನ್ನಬಹುದು. ಆದರೆ ಹಿಂಬಾಲಕರೆಲ್ಲರೂ ಪ್ರತಿಯೊಂದು ಪೋಸ್ಟನ್ನೂ ನೋಡುತ್ತಾರೆಯೆ? ಇಲ್ಲ. 2016ರಲ್ಲಿ ಇನ್‌ಸ್ಟಾಗ್ರಾಮ್ ಪೋಸ್ಟುಗಳನ್ನು ಕಾಲಾನುಕ್ರಮವಾಗಿ ತೋರಿಸುವ ಪದ್ಧತಿಯನ್ನು ಬಿಟ್ಟು, ಯಾರಿಗೆ ಯಾವುದರಲ್ಲಿ ಆಸಕ್ತಿಯಿರಬಹುದೆಂದು ಅಂದಾಜುಮಾಡಿ ಜೋಡಿಸಲು ತೊಡಗಿತು. ಎಷ್ಟು ಬೇರೆ ಬೇರೆ ಖಾತೆಗಳ ಕಣ್ಣಿಗೆ ಪೋಸ್ಟು ಬಿತ್ತೆಂಬುದನ್ನು ರೀಚ್ ಎಂಬ ಇನ್ನೊಂದು ಅಂಕಿ ತಿಳಿಸುತ್ತದೆ. ನಮ್ಮ ಅಂಗಡಿಗೆ ಅದು 2,000 ಎಂದಿಟ್ಟುಕೊಂಡರೆ ಅದೇ 200 ಸ್ಪಂದನಗಳು ಈಗ ಶೇಕಡ 10 ಆಗುವುವು. ಅಂಶ ಒಂದೇ, ಛೇದ ಬೇರೆ. ಎರಡೂ ದರಗಳು ನಿಜವೇ. ಆದರೆ ಅವು ಉತ್ತರಿಸುವ ಪ್ರಶ್ನೆಗಳು ಒಂದಲ್ಲ.

ಈ ವ್ಯತ್ಯಾಸ ಬರಿಯ ಗಣಿತದ ಕಸರತ್ತೆಂದು ತೋರಬಹುದು. ಮುಂದೇನಾಯಿತೆಂಬುದನ್ನು ನೋಡಿರಿ. ಹಿಂಬಾಲಕರು ಬೇಗ ಹೆಚ್ಚಬೇಕೆಂದು ಯಜಮಾನರು ಒಂದು ಸ್ಪರ್ಧೆಯನ್ನು ಏರ್ಪಡಿಸುತ್ತಾರೆ. ಪುಟವನ್ನು ಹಿಂಬಾಲಿಸಿ, ಮೂವರು ಗೆಳೆಯರ ಹೆಸರನ್ನು ಕಾಮೆಂಟಿನಲ್ಲಿ ಬರೆದವರಲ್ಲಿ ಚೀಟಿ ಎತ್ತಿ ಐವರಿಗೆ ಹಿತ್ತಾಳೆಯ ಕಾಫಿ ಫಿಲ್ಟರ್ ಕೊಡುವುದೆಂದು ಪ್ರಕಟಣೆ. ಹದಿನೈದು ದಿನಗಳಲ್ಲಿ 3,000 ಹೊಸಬರು ಬಂದು ಸೇರುತ್ತಾರೆ. ಒಟ್ಟು 8,000, ಬೆಳವಣಿಗೆ ಶೇಕಡ 60! ಅಂಗಡಿಯಲ್ಲಿ ಸಿಹಿ ಹಂಚಿದರೂ ಆಶ್ಚರ್ಯವಿಲ್ಲ. ಮರುತಿಂಗಳ ವರದಿಯಲ್ಲಿ ಮಾತ್ರ ಸರಾಸರಿ ಸ್ಪಂದನ 216, ದರ ಶೇಕಡ 2.7. "ಜನ ಹೆಚ್ಚಿದರಲ್ಲಮ್ಮ, ದರ ಏಕೆ ಬಿದ್ದುಹೋಯಿತು? ಪೋಸ್ಟುಗಳಲ್ಲಿ ಸತ್ತ್ವವಿಲ್ಲವೇನೋ" ಎಂದು ಯಜಮಾನರು ಹುಬ್ಬು ಗಂಟಿಕ್ಕುತ್ತಾರೆ.

ತರುಣಿಯು ಕೊಡಬಹುದಾದ ಉತ್ತರ ಇದು. ಹಳೆಯ 5,000 ಮಂದಿ ಮೊದಲಿನಂತೆಯೇ ನಡೆದುಕೊಂಡರೆ ಅವರಿಂದಲೇ 200 ಸ್ಪಂದನಗಳು ಬರತಕ್ಕವು. ಹೆಚ್ಚಾದವು 16 ಮಾತ್ರ. 3,000 ಹೊಸಬರಿಂದ 16 ಎಂದರೆ ಶೇಕಡ ಅರ್ಧಕ್ಕಿಂತ ತುಸು ಹೆಚ್ಚು. ಹಳಬರ ದರದ ಎಂಟನೆಯ ಒಂದು ಭಾಗಕ್ಕೆ ಸಮೀಪ. ಅವರು ಕಾಫಿಗಾಗಿ ಬಂದವರಲ್ಲ, ಫಿಲ್ಟರಿಗಾಗಿ ಬಂದವರು. ಕುಡಿಯುವವರು ಅಷ್ಟೇ ಇದ್ದಾರೆ. ಲೋಟಕ್ಕೆ ನೀರು ಬೆರೆತಿದೆ, ಅಷ್ಟೆ.

ಆದರೆ ಹಳಬರು ಮೊದಲಿನಂತೆಯೇ ಇದ್ದಾರೆಂಬುದು ಇಲ್ಲಿ ನಾವು ಒಪ್ಪಿಕೊಂಡ ಮಾತು, ಸಿದ್ಧಪಟ್ಟದ್ದಲ್ಲ. ಯಜಮಾನರ ಸಂಶಯವೇ ಸರಿಯಾಗಿದ್ದು, ಪೋಸ್ಟುಗಳು ನಿಜವಾಗಿಯೂ ಸಪ್ಪೆಯಾಗಿದ್ದರೆ? ಇದನ್ನು ಪರೀಕ್ಷಿಸಲು ಎರಡನೆಯ ಛೇದವನ್ನು ಕರೆತರಬೇಕು. ಹೊಸ ತಿಂಗಳಲ್ಲಿ ರೀಚ್ 2,400 ಆಗಿದ್ದರೆ 216ಕ್ಕೆ ದರ ಶೇಕಡ 9. ಮೊದಲು 10 ಇದ್ದಿತು. ಕಣ್ಣಿಗೆ ಬಿದ್ದವರಲ್ಲಿ ಸ್ಪಂದಿಸುವವರ ಪ್ರಮಾಣ ಹೆಚ್ಚೇನೂ ಬದಲಾಗಿಲ್ಲವೆಂದ ಮೇಲೆ ಪೋಸ್ಟುಗಳನ್ನು ದೂರುವಂತಿಲ್ಲ. ದೋಷ ನೋಡದೆಯೇ ಉಳಿದ ಹಿಂಬಾಲಕರ ರಾಶಿಯಲ್ಲಿದೆ. ಹಾಗಲ್ಲದೆ ಈ ದರವೂ 10ರಿಂದ 6ಕ್ಕೋ 5ಕ್ಕೋ ಇಳಿದಿದ್ದರೆ ಯಜಮಾನರ ಹುಬ್ಬುಗಂಟಿಗೆ ಕಾರಣವಿರುತ್ತಿತ್ತು. ಜೊತೆಗೆ, ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಬಿಟ್ಟುಹೋದರು ಎಂಬುದನ್ನು ಇನ್‌ಸ್ಟಾಗ್ರಾಮಿನ ಇನ್‌ಸೈಟ್ಸ್ ವಿಭಾಗ ಬೇರೆ ಬೇರೆಯಾಗಿಯೇ ತೋರಿಸುತ್ತದೆ. ಚೀಟಿ ಎತ್ತಿದ ಮರುದಿನದಿಂದ ಬಿಟ್ಟುಹೋಗುವವರ ಗೆರೆ ಏರತೊಡಗಿದರೆ ಸಂಶಯಕ್ಕೆ ಎಡೆಯೇ ಇಲ್ಲ.

ಹಿಂಬಾಲಕರ ಸಂಖ್ಯೆ ಎಷ್ಟು ಟೊಳ್ಳಾಗಿರಬಹುದೆಂಬುದಕ್ಕೆ ನಿಜವಾದ ನಿದರ್ಶನವೇ ಉಂಟು. 2014ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಮ್ ನಕಲಿ ಖಾತೆಗಳನ್ನು ಒಮ್ಮೆಗೇ ಗುಡಿಸಿಹಾಕಿತು. ಆಗ ಇನ್‌ಸ್ಟಾಗ್ರಾಮಿನ ಸ್ವಂತ ಪುಟವೇ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಹಿಂಬಾಲಕರನ್ನು ಕಳೆದುಕೊಂಡಿತು. ಅನೇಕ ಪ್ರಖ್ಯಾತರ ಪುಟಗಳೂ ಲಕ್ಷಗಟ್ಟಲೆ ಇಳಿದುವು. ಓದುವ, ನೋಡುವ ಮನುಷ್ಯರಲ್ಲಿ ಒಬ್ಬರೂ ಕಡಮೆಯಾಗಿರಲಿಲ್ಲವಾದುದರಿಂದ, ಛೇದ ಕುಗ್ಗಿದಷ್ಟೂ ಸ್ಪಂದನ ದರ ಮೇಲೇರಬೇಕು. ಒಂದೇ ಘಟನೆ, ಬೆಳವಣಿಗೆಯ ಅಂಕಣದಲ್ಲಿ ಅದು ವಿಪತ್ತು, ದರದ ಅಂಕಣದಲ್ಲಿ ಅಭ್ಯುದಯ!

ಛೇದದ ಸಂಗತಿ ಇಷ್ಟಾಯಿತು. ಅಂಶದಲ್ಲಿಯೂ ಒಂದು ತೊಡಕುಂಟು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಗೈಗರ್ ಎಣಿಕೆಯಂತ್ರವನ್ನು ಬಳಸಿದವರಿಗೆ ಇದು ಪರಿಚಿತ. ಒಂದೇ ವಿಕಿರಣಶೀಲ ವಸ್ತುವನ್ನು ಒಂದೊಂದು ನಿಮಿಷ ಎಣಿಸಿದರೆ ಒಮ್ಮೆ 100, ಇನ್ನೊಮ್ಮೆ 93, ಮತ್ತೊಮ್ಮೆ 111 ಬರುವುದುಂಟು. ವಸ್ತು ಬದಲಾಗಿಲ್ಲ, ಆಕಸ್ಮಿಕ ಘಟನೆಗಳ ಎಣಿಕೆಯ ಸ್ವಭಾವವೇ ಹಾಗೆ. ಎಣಿಕೆಯ ವರ್ಗಮೂಲದಷ್ಟು ಏರಿಳಿತವನ್ನು ಸಹಜವೆಂದು ಎಣಿಸಬೇಕು: 100ಕ್ಕೆ ಹತ್ತು.

ನಮ್ಮ ತರುಣಿ ಒಂದೇ ಬಗೆಯ ಪೋಸ್ಟನ್ನು ಒಂದು ವಾರ ಬೆಳಗ್ಗೆ 8ಕ್ಕೆ, ಮರುವಾರ ಸಂಜೆ 7ಕ್ಕೆ ಹಾಕಿ ನೋಡಿದಳೆನ್ನೋಣ. ಎರಡನ್ನೂ ಸಾವಿರ ಸಾವಿರ ಖಾತೆಗಳು ನೋಡಿವೆ; ಬೆಳಗ್ಗೆ 100 ಸ್ಪಂದನ, ಸಂಜೆ 120. ಸಂಜೆಯೇ ಮೇಲೆಂದು ಪಂಚಾಂಗವನ್ನೆಲ್ಲ ತಿದ್ದಿಬಿಡಬಹುದೆ? ವ್ಯತ್ಯಾಸ 20. ಆ ವ್ಯತ್ಯಾಸದಲ್ಲಿ ಸಹಜವಾಗಿಯೇ ಇರತಕ್ಕ ಏರಿಳಿತ 100 ಮತ್ತು 120ರ ಮೊತ್ತವಾದ 220ರ ವರ್ಗಮೂಲ, ಸುಮಾರು 15. ಕಂಡ ವ್ಯತ್ಯಾಸ ಇದರ ಎರಡರಷ್ಟೂ ಆಗಿಲ್ಲ. ಇಷ್ಟರಿಂದ ಏನನ್ನೂ ನಿರ್ಣಯಿಸಲಾಗದು.

ವಾಸ್ತವವಾಗಿ ಸ್ಥಿತಿ ಇನ್ನೂ ಬಿಗಡಾಯಿಸಿರುತ್ತದೆ. ಪರಮಾಣುಗಳು ಒಂದನ್ನೊಂದು ನೋಡಿ ಒಡೆಯುವುದಿಲ್ಲ. ಮನುಷ್ಯರು ಲೈಕ್ ಒತ್ತುವುದು ಹಾಗಲ್ಲ. ಮೊದಲು ನೋಡಿದ ಕೆಲವರು ಪೋಸ್ಟನ್ನು ಗೆಳೆಯರಿಗೆ ಕಳುಹಿಸಿದರೆ ಅದು ಹೊಸಬರ ಕಣ್ಣಿಗೂ ಬೀಳುತ್ತದೆ. ಅವರಲ್ಲಿ ಕೆಲವರು ಮತ್ತೆ ಕಳುಹಿಸುತ್ತಾರೆ. ಆದುದರಿಂದ ವರ್ಗಮೂಲದ ನಿಯಮ ಇಲ್ಲಿ ಏರಿಳಿತದ ಕನಿಷ್ಠ ಮಿತಿಯನ್ನು ಮಾತ್ರ ಕೊಡುತ್ತದೆ. ಒಂದು ತಿಂಗಳ ನಾಲ್ಕು ರೀಲುಗಳಿಗೆ 140, 170, 180, 310 ಸ್ಪಂದನಗಳು ಬಂದಿದ್ದರೆ ಸರಾಸರಿ 200. ಆದರೆ ನಾಲ್ಕರಲ್ಲಿ ಮೂರು ಆ ಸರಾಸರಿಯನ್ನು ಮುಟ್ಟಿಯೇ ಇಲ್ಲ! ಇಂಥಲ್ಲಿ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟು ನಡುವಿನದನ್ನು ತೆಗೆದುಕೊಳ್ಳುವುದು ಮೇಲು. ಇಲ್ಲಿ ಅದು 170 ಮತ್ತು 180ರ ನಡುವಣ 175. ಬೆಳಗು ಸಂಜೆಗಳ ಪ್ರಶ್ನೆಯನ್ನು ಬಿಡಿಸಬೇಕಾದರೆ ಎಂಟು ಹತ್ತು ವಾರ ಎರಡನ್ನೂ ಸರದಿಯಂತೆ ನಡೆಸಿ, ಎರಡು ಗುಂಪುಗಳ ಮಧ್ಯಾಂಕಗಳನ್ನು ಹೋಲಿಸಬೇಕು. ಅಷ್ಟು ತಾಳ್ಮೆ ಯಜಮಾನರಿಗೆ ಉಂಟೆ ಎಂಬುದು ಸಂಖ್ಯಾಶಾಸ್ತ್ರದ ವ್ಯಾಪ್ತಿಗೆ ಹೊರಗಿನ ಪ್ರಶ್ನೆ.

ಸಾಧನಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಮಾತ್ರ ಸಾಕು. ಇನ್‌ಸೈಟ್ಸ್ ಅಲ್ಲದೆ ಹೂಟ್‌ಸೂಟ್, ಬಫರ್ ಮುಂತಾದ ಹೊರಗಿನ ಸಾಧನಗಳನ್ನೂ ಈ ವೃತ್ತಿಯವರು ಬಳಸುತ್ತಾರೆ. ಸ್ಪಂದನ ದರವೆಂಬ ಒಂದೇ ಹೆಸರಿನ ಕೆಳಗೆ ಒಂದು ಸಾಧನ ಹಿಂಬಾಲಕರಿಂದ ಭಾಗಿಸಿರಬಹುದು, ಇನ್ನೊಂದು ರೀಚ್‌ನಿಂದ, ಮತ್ತೊಂದು ಒಟ್ಟು ನೋಟಗಳಿಂದ. ಒಬ್ಬನೇ ಮೂರು ಸಲ ನೋಡಿದರೆ ರೀಚ್ ಒಂದು, ನೋಟ ಮೂರು. ಅಳತೆಗೋಲೂ ಸ್ಥಿರವಲ್ಲ, 2024ರಲ್ಲಿ ಇನ್‌ಸ್ಟಾಗ್ರಾಮ್ ಎಲ್ಲ ಬಗೆಯ ಪೋಸ್ಟುಗಳಿಗೂ ವ್ಯೂಸ್ ಎಂಬುದನ್ನೇ ಮುಖ್ಯ ಅಳತೆಯೆಂದು ಮುಂದಿಟ್ಟಿತು. ಆ ವರ್ಷದ ಹಿಂದುಮುಂದಿನ ವರದಿಗಳನ್ನು ಹೋಲಿಸುವವರು ಭಾಗಿಸಿರುವುದು ಯಾವುದರಿಂದ ಎಂದು ಮೊದಲು ನೋಡದಿದ್ದರೆ, ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಜೋಡಿಸಿದಂತಾಗುವುದು.

ಆದ ಕಾರಣ ಬಲ್ಲವರು ಪಂಚಾಂಗವನ್ನು ಪೋಸ್ಟು ಪ್ರಕಟವಾದ ಮೇಲೆ ಮುಚ್ಚಿಡುವುದಿಲ್ಲ. ಬಲಗಡೆ ಇನ್ನು ನಾಲ್ಕು ಅಂಕಣಗಳನ್ನು ಎಳೆದು, ಪ್ರಕಟವಾದ ಏಳನೆಯ ದಿನ ಎಲ್ಲ ಪೋಸ್ಟುಗಳಿಗೂ ಒಂದೇ ವಯಸ್ಸಿನಲ್ಲಿ ರೀಚ್, ಸ್ಪಂದನ, ಅಂದಿನ ಹಿಂಬಾಲಕರ ಸಂಖ್ಯೆ ಇವನ್ನು ಬರೆದಿಡುತ್ತಾರೆ. ನಾಲ್ಕನೆಯ ಅಂಕಣ ಷರಾ. ಅಂದು ಕ್ರಿಕೆಟ್ ಪಂದ್ಯವಿದ್ದಿತೆ, ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸಲು ಹಣ ಕಟ್ಟಿದ್ದರೆ, ಸ್ಪರ್ಧೆ ನಡೆಯುತ್ತಿದ್ದಿತೆ ಎಂಬುದೆಲ್ಲ ಅಲ್ಲಿಗೆ ಸೇರುತ್ತದೆ. ಹಣ ಕಟ್ಟಿದ ಪೋಸ್ಟುಗಳನ್ನೂ ಸ್ಪರ್ಧೆಯ ಪೋಸ್ಟನ್ನೂ ಮಧ್ಯಾಂಕದ ಲೆಕ್ಕದಿಂದ ಹೊರಗಿಡಬೇಕು. ಕಾಫಿ ಅಂಗಡಿಯ ಕೋಷ್ಟಕದಲ್ಲಿ ಈಗ ಸ್ಪರ್ಧೆಯ ತಿಂಗಳಿನ ಎದುರಿಗೆ ಕೆಂಪು ಗೆರೆಯಿದೆ. ಅದರ ಕೆಳಗಿನ ಸಾಲುಗಳಿಗೆ 8,000ವನ್ನು ಬಿಟ್ಟು ರೀಚ್‌ನಿಂದ ಭಾಗಿಸಿದ ದರವನ್ನೇ ಬರೆಯಲಾಗುತ್ತಿದೆ. ಸಂಜೆ 7ರ ಪೋಸ್ಟುಗಳಲ್ಲಿ ಇನ್ನೂ ಐದು ಬಾಕಿ ಇವೆ.